ಇಂಟರ್‌ವ್ಯೂ ಆದ ಸಂಜೆ ಬರೆಯುವ ಆರು ಸಾಲು

ಇಂಟರ್‌ವ್ಯೂ ಮುಗಿಸಿ ಎದ್ದು ಬಂದವರಿಗೆ ಆಮೇಲೆ ಒಳಗೆ ಏನು ನಡೆಯುತ್ತದೆ ಅನ್ನುವುದು ಕಾಣುವುದಿಲ್ಲ. ಅದಕ್ಕೇ ಥ್ಯಾಂಕ್ಯೂ ಮೇಲ್ ಅಂದರೆ ಸುಮ್ನೆ ಒಂದು ಮರ್ಯಾದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. "ಸಮಯ ಕೊಟ್ಟಿದ್ದಕ್ಕೆ ಧನ್ಯವಾದ, ನಿಮ್ಮ ಸಂಸ್ಥೆಯ ಬಗ್ಗೆ ತಿಳಿದು ಖುಷಿಯಾಯಿತು" ಅಂತ ಎರಡು ಸಾಲು ಕಳಿಸಿ ಸುಮ್ಮನಾಗುತ್ತಾರೆ. ಇನ್ನು ಕೆಲವರು ಇದೆಲ್ಲ ಬೆಣ್ಣೆ ಹಚ್ಚುವ ಕೆಲಸ ಅಂತ ಬರೆಯುವುದೇ ಇಲ್ಲ. ನಾನು ಹಲವು ವರ್ಷಗಳಿಂದ ಮೇಜಿನ ಆ ಕಡೆ ಕೂತು ಇಂಟರ್‌ವ್ಯೂ ಮಾಡುತ್ತಾ ಬಂದಿದ್ದೇನೆ. ಅಲ್ಲಿಂದ ನೋಡಿದರೆ ಈ ಮೇಲ್ ಮಾಡುವ ಕೆಲಸವೇ ಬೇರೆ.

ನೀವು ಹೊರಗೆ ಹೋದ ಮೇಲೆ ಆಗುವುದು ಇಷ್ಟು. ನಿಮ್ಮ ಜೊತೆ ಮಾತಾಡಿದವರು ಎದ್ದು ತಮ್ಮ ಮುಂದಿನ ಮೀಟಿಂಗ್‌ಗೆ ಹೋಗುತ್ತಾರೆ. ಅವರಿಗೆ ಇಂಟರ್‌ವ್ಯೂ ಮಾಡುವುದು ಮುಖ್ಯ ಕೆಲಸ ಅಲ್ಲ, ನಡುವೆ ಬಿಡುವು ಮಾಡಿಕೊಂಡು ಮಾಡುವ ಕೆಲಸ. ಆದರೆ ಎಚ್‌ಆರ್ ಕಡೆಯಿಂದ ಅವರಿಗೆ ಒಂದು ಫೀಡ್‌ಬ್ಯಾಕ್ ಫಾರ್ಮ್ ಬಂದಿರುತ್ತದೆ. ಪ್ರತಿಯೊಂದು ಗುಣಕ್ಕೂ ಒಂದು ಅಂಕ ಕೊಡಬೇಕು, ಯಾಕೆ ಆ ಅಂಕ ಅಂತ ಕೆಳಗಿನ ಖಾಲಿ ಜಾಗದಲ್ಲಿ ಬರೆಯಬೇಕು, ಕೊನೆಗೆ ಈ ವ್ಯಕ್ತಿಯನ್ನು ತೆಗೆದುಕೊಳ್ಳಬೇಕೋ ಬೇಡವೋ ಅಂತ ಹೇಳಬೇಕು. ಅದೇ ದಿನ ಅಥವಾ ಮಾರನೇ ದಿನದೊಳಗೆ ತುಂಬಿಸಿ ಅಂತ ಕೇಳುತ್ತಾರೆ. ಒಳ್ಳೆಯವರು ಕೂಡಲೇ ತುಂಬಿಸುತ್ತಾರೆ. ಮಿಕ್ಕವರು ಸಂಜೆಗೆ, ಇಲ್ಲವೇ ಮಾರನೇ ಬೆಳಿಗ್ಗೆ ಎಚ್‌ಆರ್ ನೆನಪಿಸಿದ ಮೇಲೆ ತುಂಬಿಸುತ್ತಾರೆ.

ಅಷ್ಟು ಹೊತ್ತಿಗೆ ನೆನಪಿನಲ್ಲಿ ಉಳಿದಿರುವುದು ಎಷ್ಟು? ನೋಟ್‌ಬುಕ್‌ನಲ್ಲಿ ಅರ್ಧ ಗೀಚಿದ ಏಳೆಂಟು ಸಾಲು ಇರುತ್ತವೆ. "ಟೀಮ್ ನಡೆಸಿದ ಅನುಭವ ಸರಿ." "ಡೇಟಾ ಬಗ್ಗೆ ಸ್ವಲ್ಪ ಅನುಮಾನ." ಅದೇ ದಿನ ಇನ್ನಿಬ್ಬರನ್ನು ನೋಡಿದ್ದರೆ ಯಾರು ಯಾವುದನ್ನು ಹೇಳಿದರು ಅನ್ನುವುದೂ ಕಲಸಿಹೋಗಿರುತ್ತದೆ. ಇದಾದ ಮೇಲೆ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ, ಪ್ಯಾನೆಲ್‌ನವರೆಲ್ಲ ಒಟ್ಟಿಗೆ ಕೂತು ಮಾತಾಡುತ್ತಾರೆ. ತೀರ್ಮಾನ ಆಗುವುದು ಅಲ್ಲಿ.

ನಿಮ್ಮ ಮೇಲ್‌ಗೆ ಬೆಲೆ ಇರುವುದು ಈ ಸಂದಿನಲ್ಲಿ ಮಾತ್ರ. ಇಂಟರ್‌ವ್ಯೂ ಮುಗಿದಿದೆ, ಫಾರ್ಮ್ ಇನ್ನೂ ತುಂಬಿಸಿಲ್ಲ, ಅಥವಾ ತುಂಬಿಸಿದ್ದರೂ ಎಲ್ಲರೂ ಕೂತು ಮಾತಾಡಿಲ್ಲ. ಕೆಲವೇ ಗಂಟೆಗಳೊಳಗೆ ಕಳಿಸಿ ಅಂತ ಹೇಳುವುದಕ್ಕೆ ಕಾರಣ ಇದು. ಆ ಹೊತ್ತಿನಲ್ಲಿ ಬರುವ "ಸಮಯ ಕೊಟ್ಟಿದ್ದಕ್ಕೆ ಧನ್ಯವಾದ" ಅನ್ನುವ ಸಾಲಿನಿಂದ ಫಾರ್ಮ್ ತುಂಬಿಸುವವರಿಗೆ ಏನೂ ಸಿಗುವುದಿಲ್ಲ. ಮಾತಿನ ನಡುವೆ ಬಂದ ಒಂದು ವಿಷಯವನ್ನು ಹಿಡಿದು ನಾಲ್ಕು ಸಾಲು ಬರೆದಿದ್ದರೆ, ಆ ಗೀಚಿದ ಸಾಲಿನ ಹಿಂದೆ ಏನಿತ್ತು ಅನ್ನುವುದು ಅವರಿಗೆ ಮತ್ತೆ ನೆನಪಾಗುತ್ತದೆ. ಎಲ್ಲರೂ ಕೂತಾಗ "ಅದೇ, ಆ ವಿಷಯ ಹೇಳಿದ್ರಲ್ಲ, ಅವ್ರು" ಅಂತ ಯಾರೋ ಒಬ್ಬರು ಹೇಳುವುದಕ್ಕೆ ಒಂದು ಹಿಡಿ ಸಿಗುತ್ತದೆ.

ಹಾಗಾದರೆ ಯಾವ ವಿಷಯ? ಇಡೀ ಮೇಲ್‌ನ ಭಾರ ಇರುವುದು ಈ ಆಯ್ಕೆಯಲ್ಲಿ. ಜಾಸ್ತಿ ಜನ ಎಡವುವುದೂ ಇಲ್ಲಿಯೇ.

ಮೊದಲು ಕೈಗೆ ಸಿಗುವುದು ನಿಮ್ಮ ಅತ್ಯುತ್ತಮ ಉತ್ತರ. ಚೆನ್ನಾಗಿ ಹೇಳಿದ್ದೆ, ಅವರೂ ತಲೆಯಾಡಿಸಿದರು, ಅದನ್ನೇ ಇನ್ನೊಮ್ಮೆ ಬರೆಯೋಣ ಅನ್ನಿಸುತ್ತದೆ. ಬೇಡ. ಅದು ಅವರ ನೋಟ್‌ಬುಕ್‌ನಲ್ಲಿ ಈಗಾಗಲೇ ಇದೆ. ಎರಡನೆಯದು, ತಮ್ಮ ಸಂಸ್ಥೆಯ ಬಗ್ಗೆ ಅವರು ಹೇಳಿದ ಒಳ್ಳೆಯ ಮಾತು. "ನಿಮ್ಮಲ್ಲಿ ಎಲ್ಲರಿಗೂ ಮಾತಾಡುವ ಸ್ವಾತಂತ್ರ್ಯ ಇದೆ ಅಂದಿದ್ದು ಇಷ್ಟವಾಯಿತು" ಅಂತ ಬರೆದರೆ ಅದು ನಿರ್ದಿಷ್ಟ ಅನ್ನಿಸಬಹುದು, ಆದರೆ ಎಲ್ಲ ಅಭ್ಯರ್ಥಿಗಳಿಗೂ ಅವರು ಹೇಳಿದ್ದು ಅದೇ ಮಾತು. ಕೊನೆಗೆ, ಮಾತು ಶುರುವಾಗುವ ಮುಂಚಿನ ಹರಟೆ. ಗೋಡೆ ಮೇಲಿದ್ದ ಚಿತ್ರ, ಅವರ ಮಗುವಿನ ಪರೀಕ್ಷೆ. ಇವು ನೆನಪಿಡುವುದಕ್ಕೆ ಸುಲಭ, ಆದರೆ ಫಾರ್ಮ್‌ನಲ್ಲಿ ಇವುಗಳಿಗೆ ಜಾಗ ಇಲ್ಲ.

ನಾನು ಹೇಳುವುದು, ಅವರು ಎರಡನೇ ಸಲ ಪ್ರಶ್ನೆ ಕೇಳಿದ ಜಾಗವನ್ನು ಹುಡುಕಿ ಅಂತ. ನೀವು ಒಂದು ಉತ್ತರ ಕೊಟ್ಟಿರುತ್ತೀರಿ. ಅವರು ಅಲ್ಲಿಂದ ಮುಂದಕ್ಕೆ ಹೋಗದೆ ಅದೇ ವಿಷಯದಲ್ಲಿ ಇನ್ನೊಂದು ಪ್ರಶ್ನೆ ಕೇಳಿರುತ್ತಾರೆ. ಪಟ್ಟಿಯಲ್ಲಿ ಇಲ್ಲದ ಪ್ರಶ್ನೆ ಅದು, ಅಲ್ಲೇ ಹುಟ್ಟಿದ್ದು. ಯಾಕೆ ಕೇಳಿದರು? ನಿಮ್ಮ ಉತ್ತರ ಸಾಲಲಿಲ್ಲ ಅನ್ನಿಸಿರಬೇಕು, ಇಲ್ಲವೇ ಅದು ಅವರ ತಲೆಯನ್ನು ನಿಜವಾಗಿ ತಿನ್ನುತ್ತಿರುವ ಸಮಸ್ಯೆ ಆಗಿರಬೇಕು. ಎಷ್ಟೋ ಸಲ ಎರಡೂ ಹೌದು. ಸಮಯ ಆಯಿತು ಅಂತ ಅಲ್ಲಿಗೇ ಬಿಟ್ಟು ಹೋಗಿದ್ದರೆ ಆ ಮಾತು ಅರ್ಧಕ್ಕೆ ನಿಂತಿದೆ ಅಂತ ಅರ್ಥ. ಆ ಅರ್ಧವನ್ನು ಮುಂದುವರಿಸುವುದಕ್ಕೆ ನಿಮಗೆ ಇರುವ ಸಹಜವಾದ ಜಾಗ ಈ ಮೇಲ್.

ಒಂದು ಉದಾಹರಣೆ ಕಟ್ಟಿ ತೋರಿಸುತ್ತೇನೆ. ಒಬ್ಬರದ್ದೇ ಕಥೆ ಅಲ್ಲ ಇದು, ನಾನು ಓದಿದ ಹಲವು ಮೇಲ್‌ಗಳ ಅನುಭವ ಸೇರಿಸಿದ್ದು.

ಕಸ್ಟಮರ್ ಸಪೋರ್ಟ್ ಟೀಮ್‌ಗೆ ಒಬ್ಬ ಲೀಡ್ ಬೇಕಾಗಿದ್ದಾರೆ. ಗ್ರಾಹಕರು ಕಳಿಸುವ ದೂರುಗಳು ಟಿಕೆಟ್‌ಗಳಾಗಿ ಬರುತ್ತವೆ, ಏಜೆಂಟ್‌ಗಳು ಒಂದೊಂದಾಗಿ ತೆಗೆದುಕೊಂಡು, ಅದು ಯಾವ ಬಗೆಯ ತೊಂದರೆ ಅಂತ ಒಂದು ಪಟ್ಟಿಯಿಂದ ಆರಿಸಿ ಟ್ಯಾಗ್ ಹಾಕಿ, ಉತ್ತರಿಸುತ್ತಾರೆ. ಅಭ್ಯರ್ಥಿ ಈ ಕೆಲಸದಲ್ಲಿ ಪಳಗಿದ ಒಬ್ಬ ಹೆಣ್ಣುಮಗಳು. 45 ನಿಮಿಷದ ಮಾತುಕತೆ. ಮೇಲಧಿಕಾರಿ ಆಗಲಿರುವವರು ಮಧ್ಯದಲ್ಲಿ ಹೇಳುತ್ತಾರೆ: "ಸೋಮವಾರ ಬೆಳಿಗ್ಗೆ ಟಿಕೆಟ್‌ಗಳು ರಾಶಿ ಬಿದ್ದಿರುತ್ತವೆ. ಅದರಲ್ಲಿ ಒಂದೇ ತೊಂದರೆಗೆ ಸೇರಿದ್ದು ಎಷ್ಟು ಅಂತ ಬೇಗ ಹೇಗೆ ತಿಳ್ಕೋತೀರಿ?"

"ಟಿಕೆಟ್ ಮೇಲೆ ಹಾಕಿರೋ ಟ್ಯಾಗ್ ನೋಡ್ತೀನಿ. ಯಾವ ಟ್ಯಾಗ್ ಜಾಸ್ತಿ ಇದೆಯೋ ಅದು ಮೊದಲು."

"ಟ್ಯಾಗ್ ಹಾಕೋರು ಯಾರು?"

"ಟಿಕೆಟ್ ತಗೊಂಡ ಏಜೆಂಟ್."

"ಹ್ಞೂಂ." ಗಡಿಯಾರ ನೋಡುತ್ತಾರೆ. ಮುಂದಿನ ಪ್ರಶ್ನೆ.

ಹೊರಗೆ ಬಂದ ಕೂಡಲೇ ಆ ಅಭ್ಯರ್ಥಿ ಒಂದು ಕಡೆ ಕೂತು ನೆನಪಿಗೆ ಬಂದಿದ್ದನ್ನು ಬರೆದುಕೊಳ್ಳುತ್ತಾರೆ. ಇದನ್ನು ಮೊದಲ ಹತ್ತು ಹದಿನೈದು ನಿಮಿಷದಲ್ಲೇ ಮಾಡಬೇಕು. ಮನೆಗೆ ಹೋಗಿ ಬರೆಯುತ್ತೇನೆ ಅಂದರೆ ಪ್ರಶ್ನೆ ನೆನಪಿರುತ್ತದೆ, ಅವರು ಬಳಸಿದ ಮಾತು ಮರೆತಿರುತ್ತದೆ. ಬರೆದುಕೊಂಡಿದ್ದು ಹೀಗಿದೆ: ಹೊಸ ಏಜೆಂಟ್‌ಗಳ ತರಬೇತಿ, ಚೆನ್ನಾಗಿ ಹೋಯಿತು. ರಾತ್ರಿ ಪಾಳಿಯ ಬಗ್ಗೆ ಮಾತು, ಅವರೇ ಜಾಸ್ತಿ ಮಾತಾಡಿದರು. ಸೋಮವಾರದ ರಾಶಿ, "ಟ್ಯಾಗ್ ಹಾಕೋರು ಯಾರು" ಅಂತ ಕೇಳಿ ನಿಲ್ಲಿಸಿದರು. ಟೀಮ್‌ನ ಕೆಲಸ ಅಳೆಯುವುದು ಹೇಗೆ, ಮಾಮೂಲಿ ಪ್ರಶ್ನೆ.

ಇದರಲ್ಲಿ ಎರಡನೇ ಪ್ರಶ್ನೆ ಇರುವುದು ಒಂದೇ ಕಡೆ. "ಟ್ಯಾಗ್ ಹಾಕೋರು ಯಾರು?" ಇದು ಮಾಹಿತಿಗಾಗಿ ಕೇಳಿದ ಪ್ರಶ್ನೆ ಅಲ್ಲವೇ ಅಲ್ಲ. ಅವರದೇ ಟೀಮ್, ಟ್ಯಾಗ್ ಯಾರು ಹಾಕುತ್ತಾರೆ ಅಂತ ಅವರಿಗೆ ಗೊತ್ತು. ಏನೋ ಒಂದು ಅನುಮಾನವನ್ನು ಪ್ರಶ್ನೆಯ ರೂಪದಲ್ಲಿ ಇಟ್ಟಿದ್ದಾರೆ. ಸ್ವಲ್ಪ ಯೋಚಿಸಿದರೆ ಆ ಅನುಮಾನ ಕಾಣುತ್ತದೆ. ರಾಶಿ ಬಿದ್ದ ದಿನ ಏಜೆಂಟ್‌ಗೆ ಪಟ್ಟಿ ಪೂರ್ತಿ ಓದುವ ಪುರುಸೊತ್ತಿಲ್ಲ. ಬೇಗ ಮುಗಿಸಬೇಕು ಅಂತ "ಇತರೆ" ಅನ್ನುವ ಟ್ಯಾಗ್ ಒತ್ತಿ ಮುಂದೆ ಹೋಗುತ್ತಾರೆ. ಅಂದರೆ ಟ್ಯಾಗ್ ತುಂಬಾ ಬೇಕಾದ ದಿನವೇ ಅದನ್ನು ನಂಬುವ ಹಾಗಿಲ್ಲ. ಇಂಟರ್‌ವ್ಯೂ ಕೋಣೆಯಲ್ಲಿ ಇದು ಹೊಳೆಯಲಿಲ್ಲ, ಹೊರಗೆ ಬಂದ ಒಂದು ಗಂಟೆಗೆ ಹೊಳೆಯಿತು. ತುಂಬಾ ಸಹಜ. ಕೆಲಸ ಗೊತ್ತಿರುವವರಿಗೆ ಹೀಗೆ ಆಗುತ್ತಲೇ ಇರುತ್ತದೆ.

ಇನ್ನು ಬರೆಯುವುದು. ಮೊದಲ ಕರಡು ಸಾಮಾನ್ಯವಾಗಿ ಹೀಗೆ ಬರುತ್ತದೆ:

"ಇಂದಿನ ಮಾತುಕತೆಗೆ ತುಂಬಾ ಧನ್ಯವಾದಗಳು. ಸೋಮವಾರದ ಟಿಕೆಟ್‌ಗಳ ಬಗ್ಗೆ ನಾವು ಮಾತಾಡಿದ್ದು ನನಗೆ ತುಂಬಾ ಆಸಕ್ತಿದಾಯಕ ಅನ್ನಿಸಿತು. ಇಂಥ ಸವಾಲುಗಳನ್ನು ಎದುರಿಸುವುದು ನನಗೆ ಇಷ್ಟ. ನನ್ನ ಅನುಭವ ನಿಮ್ಮ ಟೀಮ್‌ಗೆ ಉಪಯೋಗಕ್ಕೆ ಬರುತ್ತದೆ ಅನ್ನುವ ನಂಬಿಕೆ ನನಗಿದೆ."

ಇದರಲ್ಲಿ ನಿರ್ದಿಷ್ಟ ವಿಷಯದ ಹೆಸರಿದೆ, ವಿಷಯ ಇಲ್ಲ. ಸೋಮವಾರದ ಟಿಕೆಟ್ ಅಂತ ಬರೆದಿದ್ದಾರೆ ಅಷ್ಟೇ. ಪರೀಕ್ಷೆ ಮಾಡುವುದಕ್ಕೆ ಒಂದು ಸುಲಭ ದಾರಿ ಇದೆ. "ಸೋಮವಾರದ ಟಿಕೆಟ್" ಅನ್ನುವ ಜಾಗದಲ್ಲಿ "ರಾತ್ರಿ ಪಾಳಿ" ಅಂತ ಹಾಕಿ ಓದಿ. ಮಿಕ್ಕ ಸಾಲುಗಳು ಒಂದಕ್ಷರವೂ ಬದಲಾಗದೆ ಹೊಂದಿಕೊಂಡರೆ ನೀವು ಇನ್ನೂ ಏನನ್ನೂ ಹೇಳಿಲ್ಲ.

ಎರಡನೇ ಕರಡು ಇನ್ನೊಂದು ತುದಿಗೆ ಹೋಗುತ್ತದೆ. ಹೊಳೆದಿದ್ದೆಲ್ಲ ಹೊರಗೆ ಬರುತ್ತದೆ. ಟ್ಯಾಗ್ ಪಟ್ಟಿ ಹೇಗಿರಬೇಕು, ಏಜೆಂಟ್‌ಗಳಿಗೆ ಯಾವ ತರಬೇತಿ ಕೊಡಬೇಕು, ಮೊದಲ ತಿಂಗಳಲ್ಲಿ ಏನು, ಮೂರನೇ ತಿಂಗಳಲ್ಲಿ ಏನು. ಒಂದೂವರೆ ಪುಟ. ಇದು ಮೊದಲನೆಯದಕ್ಕಿಂತ ಅಪಾಯ. ಓದುವವರು ಮೊಬೈಲ್‌ನಲ್ಲಿ, ಎರಡು ಮೀಟಿಂಗ್ ನಡುವೆ ಓದುತ್ತಾರೆ. ಉದ್ದ ನೋಡಿ ಆಮೇಲೆ ಓದೋಣ ಅಂತ ಬಿಡುತ್ತಾರೆ, ಆ ಆಮೇಲೆ ಬರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಟೀಮ್ ಒಳಗೆ ಕಾಲಿಡದವರು ಟೀಮ್ ಹೇಗೆ ನಡೆಸಬೇಕು ಅಂತ ಹೇಳಿದ ಹಾಗಾಗುತ್ತದೆ. ಅವರು ಆ ಪಟ್ಟಿಯನ್ನು ಈಗಾಗಲೇ ಎರಡು ಸಲ ಬದಲಾಯಿಸಿ ನೋಡಿರಬಹುದು. ನಿಮಗೆ ಗೊತ್ತಿಲ್ಲ ಅಲ್ವಾ.

ಮೂರನೆಯದು ಇದು:

"ನಮಸ್ಕಾರ ಸರ್. ಇವತ್ತು ಸಮಯ ಕೊಟ್ಟು ಮಾತಾಡಿದ್ದಕ್ಕೆ ಧನ್ಯವಾದಗಳು. ಸೋಮವಾರದ ರಾಶಿಯ ಬಗ್ಗೆ ಮಾತಾಡುವಾಗ 'ಟ್ಯಾಗ್ ಹಾಕೋರು ಯಾರು' ಅಂತ ನೀವು ಕೇಳಿದ್ದು ಆಮೇಲೂ ತಲೆಯಲ್ಲಿತ್ತು. ನಾನು ಟ್ಯಾಗ್ ನೋಡುತ್ತೇನೆ ಅಂದಿದ್ದೆ. ಆದರೆ ಕೆಲಸದ ಒತ್ತಡ ಇರುವ ದಿನ ಏಜೆಂಟ್‌ಗಳು 'ಇತರೆ' ಒತ್ತುವುದೇ ಜಾಸ್ತಿ, ಹಾಗಾಗಿ ಆ ದಿನದ ಟ್ಯಾಗ್ ನಂಬಿ ಲೆಕ್ಕ ಹಾಕುವುದು ಸರಿಯಾಗಲಾರದು. ನಾನಾಗಿದ್ದರೆ ಒಂದು ಸೋಮವಾರ 'ಇತರೆ' ಅಂತ ಬಿದ್ದ ಟಿಕೆಟ್‌ಗಳಲ್ಲಿ ಐವತ್ತನ್ನು ಕೈಯಾರೆ ಓದಿ, ಅದರಲ್ಲಿ ಒಂದೇ ತೊಂದರೆಯದ್ದು ಎಷ್ಟು ಅಂತ ಮೊದಲು ನೋಡುತ್ತಿದ್ದೆ. ನಿಮ್ಮಲ್ಲಿ ಇದನ್ನು ಆಗಲೇ ನೋಡಿದ್ದೀರೋ ಏನೋ, ಮುಂದೆ ಮಾತಾಡುವ ಅವಕಾಶ ಸಿಕ್ಕರೆ ತಿಳಿಯುವ ಆಸೆ ಇದೆ."

ಇಷ್ಟೇ. ಆರು ಸಾಲು, ಮೊಬೈಲ್‌ನಲ್ಲಿ ಬೆರಳಾಡಿಸದೆ ಓದಿ ಮುಗಿಸಬಹುದಾದಷ್ಟು. ಇದರಲ್ಲಿ ನನಗೆ ಇಷ್ಟವಾಗುವ ಸಂಗತಿ ಒಂದಿದೆ. ಅವರು ಕೇಳಿದ ಪ್ರಶ್ನೆಯನ್ನು ಅವರ ಮಾತಿನಲ್ಲೇ ಇಟ್ಟಿದ್ದಾರೆ. "ಡೇಟಾ ಗುಣಮಟ್ಟದ ಬಗ್ಗೆ ನಿಮ್ಮ ಪ್ರಶ್ನೆ" ಅಂತ ಬರೆದಿದ್ದರೆ ಕೇಳಿದವರಿಗೇ ಅದು ತಮ್ಮ ಪ್ರಶ್ನೆ ಅಂತ ಗುರುತು ಸಿಗುತ್ತಿರಲಿಲ್ಲ. "ಟ್ಯಾಗ್ ಹಾಕೋರು ಯಾರು" ಅಂತ ಓದಿದ ಕೂಡಲೇ ಆ ಕ್ಷಣ ಅವರ ಕಣ್ಣ ಮುಂದೆ ಬರುತ್ತದೆ.

ಮತ್ತೆ, "ನಾನು ಟ್ಯಾಗ್ ನೋಡುತ್ತೇನೆ ಅಂದಿದ್ದೆ" ಅನ್ನುವ ಸಣ್ಣ ಸಾಲು. ಕೋಣೆಯಲ್ಲಿ ಕೊಟ್ಟ ಉತ್ತರ ಅರ್ಧ ಇತ್ತು ಅಂತ ಯಾವ ಗೋಳೂ ಇಲ್ಲದೆ ಒಪ್ಪಿಕೊಂಡಿದೆ. "ಕ್ಷಮಿಸಿ, ಸ್ವಲ್ಪ ಗಾಬರಿಯಾಗಿತ್ತು" ಅಂತ ಬರೆದಿದ್ದರೆ ಓದುವವರ ಗಮನ ಗಾಬರಿಯ ಕಡೆ ಹೋಗುತ್ತಿತ್ತು. ಇಲ್ಲಿ ಗಮನ ಇರುವುದು ಟಿಕೆಟ್ ಮೇಲೆ. ಐವತ್ತು ಟಿಕೆಟ್ ಓದುತ್ತೇನೆ ಅನ್ನುವುದು ಒಂದು ಬೆಳಗ್ಗೆ ಮಾಡಿ ಮುಗಿಸಬಹುದಾದ ಕೆಲಸ, ದೊಡ್ಡ ಯೋಜನೆಯೇನಲ್ಲ. ಈ ಕೆಲಸ ಮಾಡಿ ಗೊತ್ತಿರುವವರು ಮಾತ್ರ ಇಷ್ಟು ಚಿಕ್ಕದಾಗಿ ಯೋಚಿಸುತ್ತಾರೆ. ಕೊನೆಯ ಸಾಲು ಅವರ ಅನುಭವಕ್ಕೆ ಜಾಗ ಬಿಟ್ಟಿದೆ. ಉತ್ತರ ಕೊಡಲೇಬೇಕು ಅನ್ನುವ ಒತ್ತಾಯವೂ ಅಲ್ಲಿಲ್ಲ.

ಫಾರ್ಮ್‌ನಲ್ಲಿ ಏನಾಗುತ್ತದೆ ಈಗ ನೋಡಿ. ಮೇಲಧಿಕಾರಿಯ ನೋಟ್‌ಬುಕ್‌ನಲ್ಲಿ "ಡೇಟಾ ಬಗ್ಗೆ ಸ್ವಲ್ಪ ಅನುಮಾನ" ಅಂತಿತ್ತು. ಮೇಲ್ ಓದಿದ ಮೇಲೆ ಅವರು ಅಂಕ ಬದಲಾಯಿಸದೇ ಇರಬಹುದು. ಆದರೆ ಆ ಸಾಲಿನ ಮುಂದೆ "ಮೊದಲ ಉತ್ತರ ಸಾಮಾನ್ಯ, ತೊಡಕು ಎಲ್ಲಿದೆ ಅಂತ ಆಮೇಲೆ ತಾನಾಗಿ ಕಂಡುಕೊಂಡರು" ಅಂತ ಸೇರಿಸುವ ಸಾಧ್ಯತೆ ಇದೆ. ಎಲ್ಲರೂ ಕೂತಾಗ ಆ ಅನುಮಾನವನ್ನು ಓದಿ ಹೇಳುವ ಧಾಟಿ ಬೇರೆಯಾಗುತ್ತದೆ.

ಹೊತ್ತಿನ ಬಗ್ಗೆ ಇನ್ನೊಂದಿಷ್ಟು. ಬೆಳಿಗ್ಗೆ 11ಕ್ಕೆ ಇಂಟರ್‌ವ್ಯೂ ಮುಗಿದರೆ ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಕಳಿಸಬಹುದು. ಸಂಜೆ ಆರಕ್ಕೆ ಮುಗಿದರೆ ರಾತ್ರಿ ಮಲಗುವ ಮುಂಚೆ, ಇಲ್ಲವೇ ಅವರು ಮಾರನೇ ದಿನ ಕೆಲಸ ಶುರು ಮಾಡುವ ಮುಂಚೆ ತಲುಪಿದರೆ ಸಾಕು. ವಾರದ ಕೊನೆಯ ದಿನ ಇಂಟರ್‌ವ್ಯೂ ಆಗಿದ್ದರೆ ರಜೆ ಮುಗಿಯಲಿ ಅಂತ ಕಾಯಬೇಡಿ. ಎಷ್ಟೋ ಜನ ಫಾರ್ಮ್ ತುಂಬಿಸಿಯೇ ರಜೆಗೆ ಹೋಗುತ್ತಾರೆ. ರಜೆ ಕಳೆದು ಬರುವ ಬೆಳಿಗ್ಗೆ ನಿಮ್ಮ ಮೇಲ್ ಉಳಿದ ನೂರರ ಕೆಳಗೆ ಹೋಗಿರುತ್ತದೆ.

ಹಾಗಂತ ಹತ್ತೇ ನಿಮಿಷಕ್ಕೆ ಕಳಿಸುವುದೂ ಬೇಡ. ಮೊದಲೇ ಬರೆದಿಟ್ಟುಕೊಂಡಿದ್ದರು ಅನ್ನಿಸುತ್ತದೆ. ಬರೆದಿಟ್ಟಿರದಿದ್ದರೂ, ಹತ್ತು ನಿಮಿಷದಲ್ಲಿ "ಟ್ಯಾಗ್ ಹಾಕೋರು ಯಾರು" ಅನ್ನುವುದರ ಅರ್ಥ ಹೊಳೆದಿರುವುದಿಲ್ಲ. ಕೂಡಲೇ ಬರೆದುಕೊಳ್ಳಿ, ಒಂದೆರಡು ಗಂಟೆ ಅದನ್ನು ತಲೆಯಲ್ಲಿ ಬಿಡಿ, ಆಮೇಲೆ ಬರೆಯಿರಿ. ಎರಡು ಮೂರು ದಿನ ದಾಟಿಹೋಗಿದ್ದರೆ ಕಳಿಸುವುದರಲ್ಲಿ ತಪ್ಪೇನಿಲ್ಲ, ಆದರೆ ಅದು ಬರೀ ಮರ್ಯಾದೆಯ ಮೇಲ್. ಆಗ ಚಿಕ್ಕದಾಗಿ ಬರೆದು ಬಿಡಿ, ತೀರ್ಮಾನ ಆಗಲೇ ಆಗಿರುವ ಸಾಧ್ಯತೆ ಜಾಸ್ತಿ.

ಯಾರಿಗೆ ಕಳಿಸುವುದು ಅನ್ನುವುದು ಕೇಳಿದಷ್ಟು ಸುಲಭ ಅಲ್ಲ. ಈಗ ಇಂಟರ್‌ವ್ಯೂ ಆಹ್ವಾನ ಎಷ್ಟೋ ಕಡೆ ನೇಮಕಾತಿಯ ಸಾಫ್ಟ್‌ವೇರ್‌ನಿಂದಲೇ ಬರುತ್ತದೆ. ಅಂಥದ್ದಕ್ಕೆ ರಿಪ್ಲೈ ಮಾಡಿದರೆ ಕೆಲವೊಮ್ಮೆ ಯಾರೂ ಓದದ ವಿಳಾಸಕ್ಕೆ ಹೋಗುತ್ತದೆ. ಕ್ಯಾಲೆಂಡರ್ ಆಹ್ವಾನದಲ್ಲಿ ಎಲ್ಲರ ವಿಳಾಸ ಕಂಡರೂ, ಅಲ್ಲಿಂದಲೇ ರಿಪ್ಲೈ ಒತ್ತಿದರೆ ಎಲ್ಲರಿಗೂ ಒಟ್ಟಿಗೆ ಹೋಗಿಬಿಡಬಹುದು. ವಿಳಾಸ ಸಿಗದಿದ್ದಾಗ ಹೆಸರು ಮತ್ತು ಸಂಸ್ಥೆಯ ಹೆಸರು ಸೇರಿಸಿ ಊಹೆ ಮಾಡಿ ಕಳಿಸುವವರಿದ್ದಾರೆ. ಅದು ಅದೇ ಹೆಸರಿನ ಇನ್ನೊಬ್ಬರಿಗೆ ತಲುಪಿದರೆ ನಿಮ್ಮ ಇಂಟರ್‌ವ್ಯೂ ವಿಷಯ ಸಂಬಂಧವಿಲ್ಲದವರ ಕೈಗೆ ಹೋದ ಹಾಗೆ. ಸರಿಯಾದ ದಾರಿ ಅಂದರೆ ನಿಮ್ಮ ಜೊತೆ ಮೊದಲಿಂದ ಮಾತಾಡುತ್ತಿರುವ ಎಚ್‌ಆರ್‌ಗೆ ಬರೆಯುವುದು. "ಇವತ್ತು ಮಾತಾಡಿದವರಿಗೆ ಕೆಳಗಿನ ನಾಲ್ಕು ಸಾಲು ತಲುಪಿಸುತ್ತೀರಾ" ಅಂತ ಕೇಳಿದರೆ ಸಾಮಾನ್ಯವಾಗಿ ಕಳಿಸುತ್ತಾರೆ. ಇಂಟರ್‌ವ್ಯೂ ಮಾಡಿದವರ ಸ್ವಂತ ಮೊಬೈಲ್ ನಂಬರ್ ಹೇಗೋ ಸಿಕ್ಕಿದೆ ಅಂತ ವಾಟ್ಸಾಪ್ ಮಾಡಲೇಬೇಡಿ.

ಎಚ್‌ಆರ್ ಮೂಲಕ ಹೋಗುವಾಗ ಒಂದು ಎಚ್ಚರ ಬೇಕು. ಆ ಮೇಲ್ ಈಗ ಮೂರನೆಯವರೂ ಓದುವ ಮೇಲ್. ಇಂಟರ್‌ವ್ಯೂನಲ್ಲಿ ಕೆಲವರು ಸಲುಗೆಯಿಂದ ಒಳಗಿನ ಮಾತು ಹೇಳಿಬಿಡುತ್ತಾರೆ. "ಹಿಂದಿನ ಲೀಡ್ ಇದನ್ನೇ ಹಾಳು ಮಾಡಿ ಹೋದ್ರು" ಅಂತಲೋ, "ಈ ಸಲ ನಮ್ಮಲ್ಲಿ ಬಾಕಿ ಬಿದ್ದಿರೋ ಟಿಕೆಟ್ ಇಷ್ಟು" ಅಂತ ಒಂದು ಸಂಖ್ಯೆಯನ್ನೋ. ಅದು ನಿರ್ದಿಷ್ಟವಾಗಿಯೇ ಇರುತ್ತದೆ, ಬರೆಯುವ ಆಸೆಯೂ ಆಗುತ್ತದೆ. ಬರೆದರೆ ಹೇಳಿದವರನ್ನೇ ಸಿಕ್ಕಿಸಿದ ಹಾಗಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಸೋಮವಾರ ರಾಶಿ ಬೀಳುತ್ತದೆ ಅನ್ನುವುದಷ್ಟೇ ಇದೆ, ಎಷ್ಟು ಬೀಳುತ್ತದೆ ಅನ್ನುವುದಿಲ್ಲ. ಅದು ಬೇಕೆಂದೇ ಬಿಟ್ಟಿದ್ದು. ಕಳಿಸುವ ಮುಂಚೆ ಒಮ್ಮೆ ಕೇಳಿಕೊಳ್ಳಿ: ಇದನ್ನು ಅವರ ಮೇಲಿನವರಿಗೆ ಯಾರಾದರೂ ಫಾರ್ವರ್ಡ್ ಮಾಡಿದರೆ ಇವರಿಗೆ ಮುಜುಗರ ಆಗುತ್ತದಾ?

ಪ್ಯಾನೆಲ್‌ನಲ್ಲಿ ಮೂವರು ಇದ್ದರೆ ಮೂವರಿಗೂ ಬೇರೆ ಬೇರೆ ಬರೆಯಬೇಕು. ಒಂದೇ ಮೇಲ್‌ನಲ್ಲಿ ಹೆಸರು ಮಾತ್ರ ಬದಲಾಯಿಸಿ ಕಳಿಸಿದ್ದು ಗೊತ್ತಾಗುವುದಿಲ್ಲ ಅಂದುಕೊಳ್ಳಬೇಡಿ, ಅಕ್ಕಪಕ್ಕ ಕೂತವರು ಅವರು. ಇನ್ನೂ ಕೆಟ್ಟದ್ದು ಅಂದರೆ ಒಬ್ಬರು ಕೇಳಿದ ಪ್ರಶ್ನೆಯನ್ನು ಇನ್ನೊಬ್ಬರ ಹೆಸರಿಗೆ ಹಾಕುವುದು. ನಿರ್ದಿಷ್ಟವಾಗಿ ಬರೆಯುವುದರ ಅಪಾಯವೇ ಇದು. "ಧನ್ಯವಾದ" ಅಂತಷ್ಟೇ ಬರೆದವರು ಹೀಗೆ ಎಡವುವ ಪ್ರಶ್ನೆಯೇ ಇಲ್ಲ. ಯಾರು ಏನು ಕೇಳಿದರು ಅಂತ ಖಚಿತ ಇಲ್ಲದಿದ್ದರೆ "ಮಾತಿನ ನಡುವೆ ಬಂದ ಪ್ರಶ್ನೆ" ಅಂತ ಬರೆದು, ಎಚ್‌ಆರ್ ಮೂಲಕ ಎಲ್ಲರಿಗೂ ಒಂದೇ ಮೇಲ್ ಕಳಿಸುವುದು ವಾಸಿ.

ಮತ್ತೊಂದು ಸಂಗತಿ ನೇರವಾಗಿ ಹೇಳಿಬಿಡುತ್ತೇನೆ. ಈ ಮೇಲ್‌ನಲ್ಲಿ "ಫಲಿತಾಂಶ ಯಾವಾಗ ತಿಳಿಸುತ್ತೀರಿ" ಅಂತ ಕೇಳಬೇಡಿ, ಸಂಬಳದ ಮಾತು ಎತ್ತಬೇಡಿ, ರೆಸ್ಯೂಮೆ ಮತ್ತೆ ಲಗತ್ತಿಸಬೇಡಿ. ಅವನ್ನು ಕೇಳುವುದು ತಪ್ಪು ಅಂತಲ್ಲ. ಅವು ಎಚ್‌ಆರ್ ಜೊತೆ ಬೇರೆಯಾಗಿ ಆಡುವ ಮಾತು. ಇಲ್ಲಿ ಸೇರಿಸಿದರೆ ಮೇಲಿನ ಐದು ಸಾಲೂ ಆ ಪ್ರಶ್ನೆ ಕೇಳುವುದಕ್ಕೆ ಹಾಕಿದ ಪೀಠಿಕೆ ಅನ್ನಿಸಿಬಿಡುತ್ತದೆ.

ಪೂರ್ತಿ ತಪ್ಪು ಉತ್ತರ ಕೊಟ್ಟಿದ್ದರೆ ತಿದ್ದಬಹುದಾ? ತಿದ್ದಬಹುದು, ಒಂದು ಸಾಲಿನಲ್ಲಿ ಆಗುವುದಾದರೆ. "ಆ ಲೆಕ್ಕದಲ್ಲಿ ವಾರದ ಸರಾಸರಿ ಅಂದೆ, ದಿನದ ಸರಾಸರಿ ಅನ್ನಬೇಕಿತ್ತು" ಅಂತ ಬರೆದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ಕೋಣೆಯಲ್ಲಿ ಬಿಡಿಸಲಾಗದ ಸಮಸ್ಯೆಯನ್ನು ಮನೆಯಲ್ಲಿ ಬಿಡಿಸಿ ಮೂರು ಪುಟ ಲಗತ್ತಿಸಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಅವರು ನೋಡಬೇಕಿದ್ದದ್ದು ನೀವು ಅಲ್ಲಿ ಕೂತು ಹೇಗೆ ಯೋಚಿಸುತ್ತೀರಿ ಅನ್ನುವುದನ್ನು.

ಈ ಮೇಲ್‌ಗೆ ಎಷ್ಟು ಶಕ್ತಿ ಇದೆ ಅನ್ನುವುದನ್ನೂ ಹೇಳಬೇಕು. ಬೇಡ ಅಂತ ತೀರ್ಮಾನ ಮಾಡಿದವರನ್ನು ಇದು ಬೇಕು ಅನ್ನುವ ಹಾಗೆ ಮಾಡುವುದಿಲ್ಲ. ಅಂಥ ಒಂದು ಉದಾಹರಣೆಯೂ ನನ್ನ ಕಣ್ಣಿಗೆ ಬಿದ್ದಿಲ್ಲ. ಇದಕ್ಕೆ ಬೆಲೆ ಬರುವುದು ಇಬ್ಬರು ಹೆಚ್ಚುಕಡಿಮೆ ಸಮ ಇದ್ದಾಗ, ಅಥವಾ ನಿಮ್ಮ ಬಗ್ಗೆ ಒಂದು ಅನುಮಾನ ಮಾತ್ರ ಉಳಿದಿದ್ದಾಗ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ, ಅಲ್ಲೇ ಅಂಕ ಹಾಕಿ, ಹೊರಗಿನ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಅಂತ ನಿಯಮ ಇಟ್ಟುಕೊಂಡ ಕಡೆ ಇದರಿಂದ ಏನೂ ಆಗುವುದಿಲ್ಲ. ಆ ನಿಯಮ ನ್ಯಾಯವಾದದ್ದೇ. ಸರ್ಕಾರಿ ನೇಮಕಾತಿಯಲ್ಲಿ ಆಯ್ಕೆ ಸಮಿತಿಯವರನ್ನು ಆಮೇಲೆ ಸಂಪರ್ಕಿಸುವುದನ್ನು ಶಿಫಾರಸು ಯತ್ನ ಅಂತ ತಿಳಿಯುವ ಸಾಧ್ಯತೆ ಇದೆ, ಅಂಥ ಕಡೆ ಒಂದು ಸಾಲೂ ಬರೆಯಬೇಡಿ.

2019ರಲ್ಲಿ ಅಮೆರಿಕದ ಒಂದು ಸುದ್ದಿ ತಾಣದಲ್ಲಿ ನೇಮಕಾತಿ ನೋಡಿಕೊಳ್ಳುವ ಒಬ್ಬರು, ಥ್ಯಾಂಕ್ಯೂ ಮೇಲ್ ಕಳಿಸದವರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಡಿ ಅಂತ ಬರೆದಿದ್ದರು. ದೊಡ್ಡ ಗಲಾಟೆಯೇ ಆಯಿತು. ಈ ರೂಢಿ ಗೊತ್ತಿರುವ ಮನೆಯಲ್ಲಿ ಬೆಳೆದವರಿಗೆ ಮಾತ್ರ ಅನುಕೂಲ ಮಾಡಿಕೊಟ್ಟ ಹಾಗಲ್ಲವೇ ಅಂತ ಜನ ಕೇಳಿದರು. ನಾನು ಕೇಳಿದವರ ಪರ. ಮೇಲ್ ಬರಲಿಲ್ಲ ಅಂತ ಯಾರ ಅಂಕವನ್ನೂ ಕಡಿಮೆ ಮಾಡಬಾರದು. ಬರೆದದ್ದರಲ್ಲಿ ವಿಷಯ ಇದ್ದರೆ ಅದನ್ನು ಓದಬೇಕು, ಅಷ್ಟೇ. ಇಂಟರ್‌ವ್ಯೂ ಮಾಡುವವರು ಇದನ್ನು ಓದುತ್ತಿದ್ದರೆ ನಿಮಗೂ ಈ ಮಾತು.

ಉತ್ತರ ಬರದಿದ್ದರೆ ಏನೂ ಅಂದುಕೊಳ್ಳಬೇಡಿ. ಆಯ್ಕೆ ಮುಗಿಯುವ ತನಕ ಅಭ್ಯರ್ಥಿಗಳ ಜೊತೆ ನೇರವಾಗಿ ಮಾತಾಡಬೇಡಿ ಅಂತ ಎಷ್ಟೋ ಕಡೆ ಎಚ್‌ಆರ್ ಹೇಳಿರುತ್ತಾರೆ. ತುಂಬಾ ಇಷ್ಟವಾದ ಮೇಲ್‌ಗೂ ನಾನು ಎಷ್ಟೋ ಸಲ ಉತ್ತರ ಬರೆದಿಲ್ಲ, ಬರೆಯುವ ಹಾಗಿರಲಿಲ್ಲ. ಉತ್ತರ ಬಂದರೆ, ಅದು "ಧನ್ಯವಾದ, ಚೆನ್ನಾಗಿ ಹೇಳಿದಿರಿ" ಅಂತಷ್ಟೇ ಇದ್ದರೆ, ಅಲ್ಲಿಗೆ ನಿಲ್ಲಿಸಿ. ಮರು ಉತ್ತರದ ಅಗತ್ಯ ಇಲ್ಲ.

ಆದರೆ ನೀವು ಕಳಿಸಿದ್ದರ ಒಂದು ಪ್ರತಿ ಇಟ್ಟುಕೊಂಡಿರಿ. ಮುಂದಿನ ಸುತ್ತಿಗೆ ಕರೆದರೆ ಹೋಗುವ ಮುಂಚೆ ಅದನ್ನು ಓದಿ. ಆ ಮೇಲ್ ಫೀಡ್‌ಬ್ಯಾಕ್ ಜೊತೆ ಮುಂದಿನವರ ಕೈಗೂ ಹೋಗಿರಬಹುದು. "ಐವತ್ತು ಟಿಕೆಟ್ ಓದ್ತೀನಿ ಅಂದಿದ್ರಲ್ಲ, ಓದಿ ಒಂದೇ ತೊಂದರೆ ಅಂತ ಗೊತ್ತಾದ್ರೆ ಆಮೇಲೇನು ಮಾಡ್ತೀರಿ?" ಅಂತ ಅವರು ಅಲ್ಲಿಂದಲೇ ಶುರು ಮಾಡಿದರೆ ಉತ್ತರ ಸಿದ್ಧ ಇರಬೇಕು. ಎರಡನೇ ಕರಡಿನಲ್ಲಿ ಬರೆದು ತೆಗೆದುಹಾಕಿದ್ದರಲ್ಲ, ಟ್ಯಾಗ್ ಪಟ್ಟಿ, ತರಬೇತಿ, ಅದೆಲ್ಲ ಕೆಲಸಕ್ಕೆ ಬರುವುದು ಆಗ.